ಹೀಲಿಯಂಗೆ ನಾಲ್ಕು ಟ್ರಯಲ್ ಫಂಕ್ಷನ್: ಯಾವುದು 79ರ ಹತ್ತಿರ ಬಂತು?

ಹೀಲಿಯಂ ಪರಮಾಣುವಿನಿಂದ ಮೊದಲ ಎಲೆಕ್ಟ್ರಾನ್ ಕೀಳಲು 24.6 ಎಲೆಕ್ಟ್ರಾನ್ ವೋಲ್ಟ್ ಬೇಕು. ಉಳಿದ ಇನ್ನೊಂದನ್ನು ಕೀಳಲು 54.4. ಎರಡೂ ಲ್ಯಾಬ್‌ನಲ್ಲಿ ಅಳೆದ ಸಂಖ್ಯೆಗಳು. ಅಂದರೆ ಗ್ರೌಂಡ್ ಸ್ಟೇಟ್ ಶಕ್ತಿ −79.0. ಪೆನ್ನು ಹಿಡಿದು ಇದರ ಹತ್ತಿರ ಎಷ್ಟು ಹೋಗಬಹುದು ಅಂತ ನಾಲ್ಕು ಟ್ರಯಲ್ ಫಂಕ್ಷನ್‌ಗಳನ್ನು, ಅಂದರೆ ಎಲೆಕ್ಟ್ರಾನ್‌ಗಳ ತರಂಗ ಫಂಕ್ಷನ್ ಹೀಗಿರಬಹುದು ಅಂತ ಊಹಿಸಿದ ರೂಪಗಳನ್ನು, ಒಂದರ ಪಕ್ಕ ಒಂದಿಟ್ಟು ನೋಡಿದೆ.

ನಿಯಮ ಸರಳ. ಎಂಥ ಫಂಕ್ಷನ್ ಹಾಕಿದರೂ ಅದರ ಸರಾಸರಿ ಶಕ್ತಿ ನಿಜವಾದ ಬೆಲೆಗಿಂತ ಕೆಳಗೆ ಇಳಿಯುವುದಿಲ್ಲ. ಅದೇ ವೇರಿಯೇಷನಲ್ ತತ್ವ. ಹಾಗಾಗಿ ಯಾವುದು ಜಾಸ್ತಿ ಕೆಳಗೆ ಹೋಗುತ್ತದೋ ಅದೇ ಗೆದ್ದಂತೆ. ಲೆಕ್ಕವನ್ನು ಹಾರ್ಟ್ರಿಯಲ್ಲಿ ಮಾಡಿದ್ದೇನೆ. 1 ಹಾರ್ಟ್ರಿ ಅಂದರೆ 27.21 ಎಲೆಕ್ಟ್ರಾನ್ ವೋಲ್ಟ್.

ಮೊದಲು ಎಲ್ಲರೂ ತರಗತಿಯಲ್ಲಿ ನೋಡಿರುವ ಎಕ್ಸ್‌ಪೊನೆನ್ಷಿಯಲ್, `exp(-k(r1+r2))`. ಎರಡೂ ಎಲೆಕ್ಟ್ರಾನ್‌ಗೆ ಹೈಡ್ರೋಜನ್ ಥರದ ಮೋಡ, ಆದರೆ ನ್ಯೂಕ್ಲಿಯಸ್‌ನ ಚಾರ್ಜ್ 2 ಇದ್ದ ಜಾಗದಲ್ಲಿ k. ಚಲನ ಶಕ್ತಿ ಒಟ್ಟು k². ನ್ಯೂಕ್ಲಿಯಸ್‌ನ ಸೆಳೆತ −4k. ಇಲ್ಲಿ ಚಾರ್ಜ್ ನಿಜವಾದ 2 ಆಗಿಯೇ ಇರಬೇಕು, k ಹಾಕುವಂತಿಲ್ಲ. ನಾವು ಬದಲಿಸುತ್ತಿರುವುದು ಫಂಕ್ಷನ್ನನ್ನು, ಪರಮಾಣುವನ್ನಲ್ಲ. ಎಲೆಕ್ಟ್ರಾನ್‌ಗಳ ನಡುವಿನ ವಿಕರ್ಷಣೆ 5k/8. ಮೂರನ್ನೂ ಕೂಡಿದರೆ

`E = k² − (27/8)k`

k = 27/16, ಅಂದರೆ ಸುಮಾರು 1.69ರಲ್ಲಿ ಇದು ತಳ ಮುಟ್ಟುತ್ತದೆ. E = −2.848 ಹಾರ್ಟ್ರಿ, −77.5 ಎಲೆಕ್ಟ್ರಾನ್ ವೋಲ್ಟ್. ಒಂದೇ ಒಂದು ಪ್ಯಾರಾಮೀಟರ್‌ಗೆ ಇದು ತುಂಬಾ ಚೆನ್ನಾಗಿದೆ. k 2ಕ್ಕಿಂತ ಕಡಿಮೆ ಬಂದಿದ್ದಕ್ಕೂ ಅರ್ಥವಿದೆ: ಒಂದು ಎಲೆಕ್ಟ್ರಾನ್ ಇನ್ನೊಂದಕ್ಕೆ ನ್ಯೂಕ್ಲಿಯಸ್ಸನ್ನು ಸ್ವಲ್ಪ ಮರೆ ಮಾಡುತ್ತದೆ.

ಮೊದಲ ಸಲ ಮಾಡಿದಾಗ ನಾನು ಎಡವಿದ್ದು ವಿಕರ್ಷಣೆಯಲ್ಲಿ. ಎರಡು ಎಲೆಕ್ಟ್ರಾನ್ ಇವೆಯಲ್ಲ ಅಂತ 5k/8ನ್ನು ಎರಡು ಸಲ ಕೂಡಿಬಿಟ್ಟೆ. ಇರುವುದು ಒಂದೇ ಜೋಡಿ, ಒಂದೇ ಸಲ ಕೂಡಬೇಕು. ಉತ್ತರ −51.4 ಬಂತು. ಇದು −79ಕ್ಕಿಂತ ಮೇಲೆಯೇ ಇದೆ, ಹಾಗಾಗಿ ವೇರಿಯೇಷನಲ್ ತತ್ವ ಒಂದು ಮಾತೂ ಆಡಲಿಲ್ಲ. ತಪ್ಪು ಸಿಕ್ಕಿದ್ದು ಬೇರೆ ಕಡೆ. ಒಂದು ಎಲೆಕ್ಟ್ರಾನ್ ಕಳೆದುಕೊಂಡ ಹೀಲಿಯಂ ಅಯಾನಿನ ಶಕ್ತಿಯೇ −54.4. ನನ್ನ ಲೆಕ್ಕ ನಿಜವಾಗಿದ್ದರೆ ಹೀಲಿಯಂ ತಾನಾಗಿಯೇ ಒಂದು ಎಲೆಕ್ಟ್ರಾನ್ ಉಗುಳಬೇಕಿತ್ತು! ಆಮೇಲಿಂದ ಉತ್ತರವನ್ನು −79ರ ಜೊತೆ ಮಾತ್ರವಲ್ಲ, −54.4ರ ಜೊತೆಗೂ ಹೋಲಿಸಿ ನೋಡುತ್ತೇನೆ.

ಎರಡನೆಯದು ಗಾಸಿಯನ್, `exp(-k(r1²+r2²))`. ಇದಕ್ಕೂ ಒಂದೇ ಪ್ಯಾರಾಮೀಟರ್. ಇಂಟಿಗ್ರಲ್‌ಗಳು ಎಷ್ಟು ಸುಲಭ ಅಂದರೆ ಅರ್ಧ ಪುಟದಲ್ಲಿ ಮುಗಿದವು. ಆದರೆ ಫಲಿತಾಂಶ −2.301 ಹಾರ್ಟ್ರಿ, ಅಂದರೆ −62.6. ಹದಿನಾರು ಎಲೆಕ್ಟ್ರಾನ್ ವೋಲ್ಟ್ ಕೊರತೆ. ಕಾರಣ ಗ್ರಾಫ್ ಬರೆದರೆ ಕಣ್ಣಿಗೇ ಕಾಣುತ್ತದೆ: ನ್ಯೂಕ್ಲಿಯಸ್ ಇರುವ ಕಡೆ ನಿಜವಾದ ಫಂಕ್ಷನ್‌ಗೆ ಚೂಪಾದ ತುದಿ ಇರಬೇಕು, ಗಾಸಿಯನ್ ಅಲ್ಲಿ ಬೋಳು ಗುಡ್ಡ. ದೂರದಲ್ಲೂ ಬೇಗ ಸತ್ತುಹೋಗುತ್ತದೆ. ಕ್ವಾಂಟಂ ಕೆಮಿಸ್ಟ್ರಿಯವರು ಇದನ್ನೇ ಬಳಸುತ್ತಾರಲ್ವಾ ಅಂದರೆ, ಹೌದು, ಆದರೆ ಒಂದನ್ನಲ್ಲ, ಹಲವನ್ನು ಸೇರಿಸಿ. ಒಂಟಿ ಗಾಸಿಯನ್ ಹೀಲಿಯಂಗೆ ಬೇಡ.

ಇನ್ನು ಎರಡು ಪ್ಯಾರಾಮೀಟರ್‌ನವು. ಎಕ್ಸ್‌ಪೊನೆನ್ಷಿಯಲ್ಲನ್ನೇ ತಿದ್ದಬಹುದು ಅನಿಸುತ್ತದೆ. ಆದರೆ ಎರಡೂ ಎಲೆಕ್ಟ್ರಾನ್‌ಗೆ ಒಂದೇ ಮೋಡ ಅಂತ ಹಟ ಹಿಡಿದರೆ, ಆ ಮೋಡವನ್ನು ಎಷ್ಟೇ ಚೆನ್ನಾಗಿ ಮಾಡಿದರೂ −77.9ರ ಹತ್ತಿರ ನಿಲ್ಲುತ್ತದೆ. ಹಾರ್ಟ್ರಿ-ಫಾಕ್ ಮಿತಿ ಅಂದರೆ ಅದೇ. ದಾಟಬೇಕಾದರೆ ಎಲೆಕ್ಟ್ರಾನ್‌ಗಳು ಪರಸ್ಪರ ತಪ್ಪಿಸಿಕೊಳ್ಳಲು ಜಾಗ ಕೊಡಬೇಕು.

ಒಂದು ದಾರಿ: ಒಂದಕ್ಕೆ a, ಇನ್ನೊಂದಕ್ಕೆ b. ಎಲೆಕ್ಟ್ರಾನ್‌ಗಳಿಗೆ ಹೆಸರು ಹಚ್ಚುವಂತಿಲ್ಲವಾದ್ದರಿಂದ ಅದಲುಬದಲು ಮಾಡಿದ್ದನ್ನೂ ಕೂಡಬೇಕು. ಶಕ್ತಿಯ ಸೂತ್ರ ಕೈಯಲ್ಲೇ ಬರುತ್ತದೆ, ತಳ ಹುಡುಕಲು ಮಾತ್ರ ಕಂಪ್ಯೂಟರ್ ಬೇಕು:

```python
from scipy.optimize import minimize

def E(p, Z):
    a, b = p
    s = a + b
    S2 = 64*(a*b)**3/s**6
    J = a*b*(a*a + 3*a*b + b*b)/s**3
    K = 20*(a*b)**3/s**5
    h = (a*a + b*b)/2 - Z*s + S2*(a*b - Z*s)
    return (h + J + K)/(1 + S2)

r = minimize(E, [2.2, 1.2], args=(2,))
print(r.x, r.fun)
```

ನಾನು ಮೊದಲು `[1.7, 1.7]` ಇಂದ ಶುರು ಮಾಡಿದ್ದೆ. ಉತ್ತರ ಹಳೆಯ −2.848ರಲ್ಲೇ ಕೂತುಬಿಟ್ಟಿತು. ಹೊಸ ಫಂಕ್ಷನ್ನಿಂದ ಏನೂ ಲಾಭವಿಲ್ಲ ಅಂತ ಒಂದು ಗಂಟೆ ನಂಬಿದ್ದೆ. ಆಮೇಲೆ ಹೊಳೆಯಿತು: a ಮತ್ತು b ಸಮ ಇದ್ದಾಗ ಇಳಿಜಾರು ಎರಡೂ ಕಡೆಗೆ ಒಂದೇ ಥರ, ಆದ್ದರಿಂದ ಪ್ರೋಗ್ರಾಂ ಅವೆರಡನ್ನೂ ಜೋಡಿಯಾಗಿಯೇ ಎಳೆದುಕೊಂಡು ಹೋಗುತ್ತದೆ. ಅದು ಕುದುರೆಯ ಜೀನಿನ ನಡುವಿನ ಜಾಗ, ಕಣಿವೆಯ ತಳವಲ್ಲ. ಬೇರೆಬೇರೆ ಬೆಲೆ ಕೊಟ್ಟು ಶುರು ಮಾಡಿದರೆ a = 2.18, b = 1.19, E = −2.8757. ಅಂದರೆ −78.25. ಒಂದು ಎಲೆಕ್ಟ್ರಾನ್ ಒಳಗಿದ್ದಾಗ ಇನ್ನೊಂದು ಹೊರಗೆ.

ಇನ್ನೊಂದು ದಾರಿ ನಾರ್ವೆಯ ಹಿಲ್ಲೆರಾಸ್ 1929ರಲ್ಲಿ ತೋರಿಸಿದ್ದು: ಎಲೆಕ್ಟ್ರಾನ್‌ಗಳ ನಡುವಿನ ದೂರವನ್ನೇ ಫಂಕ್ಷನ್ ಒಳಗೆ ತರುವುದು. ಅದರ ಅತಿ ಸರಳ ರೂಪ `exp(-k(r1+r2))·(1 + c·r12)`. ಪ್ಯಾರಾಮೀಟರ್ ಇಲ್ಲೂ ಎರಡೇ. k = 1.85, c = 0.37 ಇಟ್ಟರೆ −2.891, ಅಂದರೆ −78.7. ನಾಲ್ಕರಲ್ಲಿ ಇದೇ ಮೊದಲು. a-b ಫಂಕ್ಷನ್‌ಗೆ ಒಳಗೆ-ಹೊರಗೆ ಮಾತ್ರ ಗೊತ್ತು. ಇದಕ್ಕೆ ನ್ಯೂಕ್ಲಿಯಸ್‌ನ ಆಚೆ ಬದಿ, ಈಚೆ ಬದಿಯೂ ಗೊತ್ತು. ನನಗೆ ಇಷ್ಟವಾದದ್ದು k 1.69ರಿಂದ 1.85ಕ್ಕೆ ಏರಿದ್ದು. ದೂರ ಇರುವ ಕೆಲಸವನ್ನು c ನೋಡಿಕೊಳ್ಳುವುದರಿಂದ ಮೋಡ ಸುಮ್ನೆ ಊದಿಕೊಳ್ಳಬೇಕಿಲ್ಲ. ಆದರೆ ಇಂಟಿಗ್ರಲ್‌ಗಳಿಗೆ ಬೇರೆಯದೇ ನಿರ್ದೇಶಾಂಕಗಳು ಬೇಕು. ನನಗೆ ಎರಡು ಸಂಜೆ ಹಿಡಿಯಿತು, ನಡುವೆ ಒಂದು ಚಿಹ್ನೆಯನ್ನೂ ತಪ್ಪಿಸಿದ್ದೆ.

ಹೀಲಿಯಂ ಮಾತ್ರ ನೋಡಿದರೆ, ಸಾಮಾನ್ಯ ಎಕ್ಸ್‌ಪೊನೆನ್ಷಿಯಲ್ ಸಾಕು, ಶೇಕಡಾ 2ರಷ್ಟೇ ತಪ್ಪು ಅನಿಸಬಹುದು. ಆದರೆ ಮೊದಲ ಎಲೆಕ್ಟ್ರಾನ್ ಕೀಳುವ ಶಕ್ತಿ ಕೇಳಿದರೆ 54.4 ಕಳೆದು ಅದು 23.1 ಎನ್ನುತ್ತದೆ. ನಿಜ 24.6. ಆಗಲೇ ತಪ್ಪು ಶೇಕಡಾ 6.

ನಿಜವಾಗಿ ಅದು ಮುಗ್ಗರಿಸುವುದು ನ್ಯೂಕ್ಲಿಯಸ್‌ನ ಚಾರ್ಜ್ 1ಕ್ಕೆ ಇಳಿಸಿದಾಗ. ಒಂದು ಪ್ರೋಟಾನ್, ಎರಡು ಎಲೆಕ್ಟ್ರಾನ್: ಹೈಡ್ರೋಜನ್‌ನ ಋಣ ಅಯಾನು. ಅದೇ ಲೆಕ್ಕದಲ್ಲಿ k = 11/16, E = −0.473. ಬರೀ ಹೈಡ್ರೋಜನ್ ಪರಮಾಣುವೇ −0.5! ಅಂದರೆ ಈ ಫಂಕ್ಷನ್ ಪ್ರಕಾರ ಎರಡನೇ ಎಲೆಕ್ಟ್ರಾನ್ ಅಲ್ಲಿ ನಿಲ್ಲುವುದೇ ಇಲ್ಲ. ಆದರೆ ಆ ಅಯಾನು ಇದೆ, ಸೂರ್ಯನ ಮೇಲ್ಪದರದಲ್ಲಿ ಬೆಳಕು ಹೀರುವುದು ಹೆಚ್ಚಾಗಿ ಅದೇ. ಮೇಲಿನ ಕೋಡ್‌ನಲ್ಲಿ Z ಜಾಗಕ್ಕೆ 1 ಹಾಕಿ, `[1.0, 0.3]` ಇಂದ ಶುರು ಮಾಡಿ ನೋಡಿ. a = 1.04, b = 0.28, E = −0.513. ಒಂದು ಎಲೆಕ್ಟ್ರಾನ್ ಪ್ರೋಟಾನ್ ಪಕ್ಕದಲ್ಲಿ, ಇನ್ನೊಂದು ಎಲ್ಲೋ ದೂರದಲ್ಲಿ, ಆದರೂ ಬಿಟ್ಟುಹೋಗಿಲ್ಲ. ಸುಬ್ರಹ್ಮಣ್ಯನ್ ಚಂದ್ರಶೇಖರ್ 1944ರಲ್ಲಿ ಇದೇ ಅಯಾನಿಗೆ ಇದೇ a-b ಫಂಕ್ಷನ್ ಹಾಕಿ ಇದೇ ಸಂಖ್ಯೆ ಪಡೆದಿದ್ದರು.