ರೀಫಂಡ್ ದೂರು ಮುಂದೆ ಸಾಗದಿದ್ದಾಗ: ಕುಂದುಕೊರತೆ ಅಧಿಕಾರಿ, 1915, ಬ್ಯಾಂಕು, ಗ್ರಾಹಕರ ಆಯೋಗ

ಆನ್‌ಲೈನ್ ಖರೀದಿಯ ದೂರು ಚಾಟ್‌ಬಾಟ್ ಹಾಗೂ ಮೊದಲ ಹಂತದ ಸಿಬ್ಬಂದಿಯ ಬಳಿಯೇ ಸಿಕ್ಕಿಹಾಕಿಕೊಂಡರೆ ಗ್ರಾಹಕನಿಗೆ ಉಳಿಯುವ ದಾರಿಗಳು ನಾಲ್ಕು: ಆ ಕಂಪನಿಯ ಕುಂದುಕೊರತೆ ಅಧಿಕಾರಿ, ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಹಣ ಕೊಟ್ಟ ಕಾರ್ಡಿನ ಬ್ಯಾಂಕು, ಮತ್ತು ಜಿಲ್ಲಾ ಗ್ರಾಹಕರ ಆಯೋಗ. ಮೊದಲ ಎರಡನ್ನು ಬಾಗಲಕೋಟೆಯ ನವನಗರದ ನಮ್ಮ ಮನೆಯ ದೂರುಗಳಿಗಾಗಿ ನಾನೇ ಬಳಸಿದ್ದೇನೆ. ಉಳಿದೆರಡನ್ನು ವಿಜಯಪುರದಲ್ಲಿರುವ ಅಕ್ಕನ ಮಗನಿಗೂ ಗೋಕಾಕದ ಸಹೋದ್ಯೋಗಿಯೊಬ್ಬರಿಗೂ ಕಾಗದಪತ್ರ ಸಿದ್ಧಪಡಿಸಿಕೊಡುವಾಗ ಹತ್ತಿರದಿಂದ ನೋಡಿದ್ದೇನೆ. ಯಾವುದು ಮೇಲು ಎಂಬುದು ದೂರು ಯಾವ ಕಾರಣಕ್ಕೆ ನಿಂತಿದೆ ಎಂಬುದರ ಮೇಲೆ ಹೋಗುತ್ತದೆ.

ಹೋಲಿಕೆಗೆ ಆಧಾರವಾಗಿ ನಮ್ಮ ಮಿಕ್ಸರ್‌ನ ಪ್ರಕರಣವನ್ನೇ ತೆಗೆದುಕೊಳ್ಳುತ್ತೇನೆ. 4,299 ರೂಪಾಯಿಯ ಮಿಕ್ಸರ್ ಬಂದು ಎರಡನೆಯ ಸಲ ಶೇಂಗಾ ಚಟ್ನಿ ಪುಡಿ ಮಾಡುವಾಗಲೇ ಮೋಟಾರಿನಿಂದ ಸುಟ್ಟ ವಾಸನೆ ಬಂತು. ವಾಪಸಾತಿಗೆ ಆ್ಯಪ್‌ನಲ್ಲಿ ಒಪ್ಪಿಗೆ ಸಿಕ್ಕಿತು, ಹುಡುಗ ಬಂದು ಪೆಟ್ಟಿಗೆ ಒಯ್ದ. ಒಯ್ಯುವ ಮೊದಲು ಮಿಕ್ಸರ್‌ನ ತಳದ ಸ್ಟಿಕರ್‌ನಲ್ಲಿದ್ದ ಸೀರಿಯಲ್ ಸಂಖ್ಯೆ ನೋಡಿಕೊಳ್ಳಲು ಹೇಳಿದರೆ, "ಅದನ್ನೆಲ್ಲ ನಾವು ನೋಡಂಗಿಲ್ರಿ ಸರ, ಬಾರ್‌ಕೋಡ್ ಸ್ಕ್ಯಾನ್ ಮಾಡಿ ಒಯ್ಯೂದಷ್ಟ ನಮ್ಮ ಕೆಲಸ" ಎಂದ. ಕೆಲವು ದಿನಗಳ ನಂತರ ಆ್ಯಪ್‌ನಲ್ಲಿ ಬಂದ ಸಂದೇಶವೇನೆಂದರೆ, ಗೋದಾಮಿಗೆ ಬಂದಿರುವುದು ಬೇರೆ ವಸ್ತು, ಆದ್ದರಿಂದ ರೀಫಂಡ್ ಇಲ್ಲ.

ಇಂಥ ದೂರು ಮೊದಲ ಹಂತದಲ್ಲಿ ಏಕೆ ಬಗೆಹರಿಯುವುದಿಲ್ಲ ಎಂಬುದನ್ನು ತಿಳಿದರೆ ಮುಂದಿನ ಹೆಜ್ಜೆ ಸುಲಭವಾಗುತ್ತದೆ. ಚಾಟ್‌ನಲ್ಲಿ ಸಿಗುವ ಸಿಬ್ಬಂದಿಗೆ ಗೋದಾಮಿನವರು ಬರೆದಿಟ್ಟ ನಿರ್ಣಯ ಕಾಣುತ್ತದೆಯೇ ಹೊರತು ಅದನ್ನು ಬದಲಿಸುವ ಅಧಿಕಾರ ಇರುವುದಿಲ್ಲ. ಆತ ಕ್ಷಮೆ ಕೇಳುತ್ತಾನೆ, ಎರಡು ದಿನ ಕಾಯಲು ಹೇಳುತ್ತಾನೆ. ಎರಡು ದಿನಗಳ ಮೇಲೆ ನೋಡಿದರೆ ಟಿಕೆಟ್ 'ಪರಿಹರಿಸಲಾಗಿದೆ' ಎಂದು ಮುಚ್ಚಿರುತ್ತದೆ. ಮತ್ತೆ ಚಾಟ್ ತೆರೆದರೆ ಹೊಸ ಟಿಕೆಟ್, ಹೊಸ ಸಿಬ್ಬಂದಿ, ಕಥೆ ಮೊದಲಿನಿಂದ. ಹಾಗಾಗಿ ಆ ಹಂತದಲ್ಲಿ ವಾದ ಮಾಡಿ ಫಲವಿಲ್ಲ. ಟಿಕೆಟ್ ಸಂಖ್ಯೆಯನ್ನೂ ನಿರಾಕರಣೆಯ ಕಾರಣವನ್ನೂ ಬರಹದಲ್ಲಿ ಪಡೆದು ಸ್ಕ್ರೀನ್‌ಶಾಟ್ ಇಟ್ಟುಕೊಂಡರೆ ಸಾಕು. ಮುಂದಿನ ಎಲ್ಲ ದಾರಿಗಳಲ್ಲಿಯೂ ಮೊದಲು ಕೇಳುವುದು ಅದನ್ನೇ.

ಕುಂದುಕೊರತೆ ಅಧಿಕಾರಿಯ ದಾರಿಯನ್ನು ಬಹಳ ಜನ ಬಳಸುವುದೇ ಇಲ್ಲ, ಏಕೆಂದರೆ ಅದು ಆ್ಯಪ್‌ನ ಸಹಾಯ ವಿಭಾಗದಲ್ಲಿ ಕಣ್ಣಿಗೆ ಬೀಳುವುದು ಅಪರೂಪ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ ಪ್ರತಿಯೊಂದು ಮಾರಾಟ ತಾಣವೂ ಇಂಥ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು, ಹುದ್ದೆ, ಸಂಪರ್ಕ ವಿವರಗಳನ್ನು ತಾಣದಲ್ಲಿಯೇ ಪ್ರಕಟಿಸಬೇಕು. ದೂರು ತಲುಪಿದ್ದನ್ನು ಆ ಅಧಿಕಾರಿ 48 ಗಂಟೆಗಳೊಳಗೆ ದೃಢಪಡಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ವೆಬ್‌ಸೈಟ್‌ನ ಅಡಿಭಾಗದ ನಿಯಮಗಳ ಪುಟದಲ್ಲಿ Grievance Officer ಎಂದು ಹುಡುಕಿದರೆ ಇಮೇಲ್ ವಿಳಾಸ ಸಿಗುತ್ತದೆ. ಈ ವಿಳಾಸವನ್ನಾಗಲಿ ಫೋನ್ ಸಂಖ್ಯೆಯನ್ನಾಗಲಿ ಗೂಗಲ್‌ನಲ್ಲಿ ಹುಡುಕಿ ತೆಗೆದುಕೊಳ್ಳಬಾರದು. ನಕಲಿ ಕಸ್ಟಮರ್ ಕೇರ್ ಸಂಖ್ಯೆಗಳನ್ನು ಹಾಕಿ, ರೀಫಂಡ್ ಕೊಡುವ ನೆಪದಲ್ಲಿ ಮೊಬೈಲಿಗೆ ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸಿ ಖಾತೆ ಖಾಲಿ ಮಾಡುವವರು ಅಲ್ಲಿಯೇ ಕಾದಿರುತ್ತಾರೆ. ಎಕ್ಸ್‌ನಲ್ಲಿ ಕಂಪನಿಯನ್ನು ಹೆಸರಿಸಿ ದೂರು ಬರೆದಾಗ ಮೊದಲು ಉತ್ತರಿಸುವುದೂ ಹಲವು ಸಲ ಇಂಥವರೇ. ಆದ್ದರಿಂದ ಆ ದಾರಿಯನ್ನು ಈ ಹೋಲಿಕೆಯಲ್ಲಿ ನಾನು ಲೆಕ್ಕಕ್ಕೇ ಹಿಡಿದಿಲ್ಲ.

ಅಧಿಕಾರಿಗೆ ಬರೆಯುವ ಪತ್ರದಲ್ಲಿ ಸಿಟ್ಟಿಗಿಂತ ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ. ನನ್ನ ಪತ್ರದಲ್ಲಿ ಆರ್ಡರ್ ಸಂಖ್ಯೆ, ವಾಪಸಾತಿ ಸಂಖ್ಯೆ, ಮುಚ್ಚಿದ ಟಿಕೆಟ್‌ಗಳ ಸಂಖ್ಯೆಗಳು ಮತ್ತು ಪಿಕಪ್ ಆದ ದಿನಾಂಕ ಮೊದಲ ನಾಲ್ಕು ಸಾಲುಗಳಲ್ಲಿದ್ದವು. ಮಿಕ್ಸರ್‌ನ ತಳದ ಸ್ಟಿಕರ್‌ನ ಫೋಟೋ ಜೊತೆಗಿತ್ತು. ಬಳಿಕ ಕೇಳಿದ್ದು ಇಷ್ಟೇ: "ನಿಮ್ಮ ಗೋದಾಮಿಗೆ ಬಂದ ವಸ್ತುವಿನ ಸೀರಿಯಲ್ ಸಂಖ್ಯೆ ಯಾವುದು? ನೀವು ನನಗೆ ಕಳುಹಿಸಿದ ವಸ್ತುವಿನ ಸಂಖ್ಯೆ ಯಾವುದು? ಎರಡೂ ಬೇರೆಯಾಗಿದ್ದರೆ ಬಂದ ವಸ್ತುವಿನ ಫೋಟೋ ಕಳುಹಿಸಿರಿ." ದೃಢೀಕರಣ ಸಮಯಕ್ಕೆ ಸರಿಯಾಗಿ ಬಂತು. ಮೊದಲ ಉತ್ತರ ಹಳೆಯ ನಿರಾಕರಣೆಯ ನಕಲಾಗಿತ್ತು. ಅದಕ್ಕೆ ಪ್ರತಿಯಾಗಿ, ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಿಲ್ಲವೆಂದು ಅದೇ ಇಮೇಲ್ ಸರಣಿಯಲ್ಲಿ ಬರೆದೆ. ಆಮೇಲೆ ಯಾವ ಫೋಟೋವೂ ಬರಲಿಲ್ಲ, ಹಣ ಬಂತು. ಗೋದಾಮಿನಲ್ಲಿ ಪೆಟ್ಟಿಗೆಗಳು ಅದಲುಬದಲಾಗಿರಬಹುದು ಎಂಬುದು ನನ್ನ ಊಹೆ, ಅವರಂತೂ ಹೇಳಲಿಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲಿಯೂ ಮಾತನಾಡಬಹುದು, consumerhelpline.gov.in ತಾಣದಲ್ಲಿ ದಾಖಲೆಗಳ ಸಮೇತ ದೂರು ಕೊಡುವುದಕ್ಕೂ ಅವಕಾಶವಿದೆ. ಸ್ಟೀಲ್ ಡಬ್ಬಿಗಳ ಸೆಟ್‌ನಲ್ಲಿ ಒಂದು ಕಡಿಮೆ ಬಂದು, "ಕಂಪನಿಯ ಪಾಲಿಸಿಯಲ್ಲಿ ಇದಕ್ಕೆ ಅವಕಾಶವಿಲ್ಲ" ಎಂಬ ಉತ್ತರದಲ್ಲಿ ದೂರು ನಿಂತಾಗ ಇದನ್ನು ಬಳಸಿದೆ. ಸಹಾಯವಾಣಿ ತೀರ್ಪು ಕೊಡುವ ಸಂಸ್ಥೆಯಲ್ಲ, ದಂಡ ಹಾಕುವುದಿಲ್ಲ. ಮೊಕದ್ದಮೆಗೆ ಮುಂಚಿನ ಹಂತದಲ್ಲಿ ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುವುದು ಅದರ ಕೆಲಸ. ದೊಡ್ಡ ಕಂಪನಿಗಳು ಸಹಾಯವಾಣಿಯ ಜೊತೆ ಪಾಲುದಾರರಾಗಿ ಸೇರಿಕೊಂಡಿರುವುದರಿಂದ ಅವುಗಳ ಮೇಲಿನ ದೂರು ನೇರವಾಗಿ ಅವುಗಳ ಪ್ರತ್ಯೇಕ ವಿಭಾಗಕ್ಕೆ ಹೋಗುತ್ತದೆ, ಮತ್ತು ಅಲ್ಲಿ ಕುಳಿತವರು ಚಾಟ್‌ನವರಿಗಿಂತ ಹೆಚ್ಚಿನ ಅಧಿಕಾರ ಹೊಂದಿದವರು ಎಂಬುದು ಅವರ ಫೋನ್ ಕರೆಯಲ್ಲಿಯೇ ತಿಳಿಯುತ್ತದೆ. ನನಗೆ ಕರೆ ಮಾಡಿದಾಕೆ ಪಾಲಿಸಿಯ ಮಾತೇ ಎತ್ತದೆ, ಡಬ್ಬಿಯ ಬೆಲೆಯನ್ನು ಯಾವ ಖಾತೆಗೆ ಹಾಕಬೇಕೆಂದು ಕೇಳಿದರು.

ಆದರೆ ಇದೇ ಸಹಾಯವಾಣಿ ಸಣ್ಣ ತಾಣಗಳ ವಿಷಯದಲ್ಲಿ ಬಡವಾಗುತ್ತದೆ. ಪಾಲುದಾರರಲ್ಲದ ಕಂಪನಿಗೆ ಪತ್ರ ಹೋಗುತ್ತದೆ, ಉತ್ತರ ಬರದಿದ್ದರೆ ಆಯೋಗಕ್ಕೆ ಹೋಗಿರೆಂಬ ಸಲಹೆಯೊಂದಿಗೆ ವಿಷಯ ಮುಗಿಯುತ್ತದೆ. ಸಾಕ್ಷ್ಯದ ಜಗಳದಲ್ಲಿಯೂ, ಎಂದರೆ ನಮ್ಮ ಮಿಕ್ಸರ್‌ನಂಥ ಪ್ರಕರಣದಲ್ಲಿಯೂ, ನಾನು ಅಧಿಕಾರಿಗೆ ನೇರವಾಗಿ ಬರೆಯುವುದನ್ನೇ ಆರಿಸುತ್ತೇನೆ; ಸಹಾಯವಾಣಿಯ ನಡುವೆ ಹಾದುಬರುವಾಗ ಸೀರಿಯಲ್ ಸಂಖ್ಯೆಯಂಥ ಸೂಕ್ಷ್ಮ ಪ್ರಶ್ನೆ 'ರೀಫಂಡ್ ಆಗಿಲ್ಲ' ಎಂಬ ಒಂದು ಸಾಲಾಗಿ ಕುಗ್ಗಿಬಿಡುತ್ತದೆ. ಪಾಲಿಸಿಯ ನೆಪ ಹೇಳಿ ಮುಚ್ಚಿದ ದೂರಿಗೆ ಮಾತ್ರ 1915 ಮೊದಲ ಆಯ್ಕೆ.

ಬ್ಯಾಂಕಿನ ದಾರಿ ಇವೆರಡಕ್ಕಿಂತ ಬೇರೆ ಜಾತಿಯದು. ಅಕ್ಕನ ಮಗ ಹೊಸ ಬ್ರ್ಯಾಂಡೊಂದರ ಸ್ವಂತ ತಾಣದಿಂದ ಕ್ರೆಡಿಟ್ ಕಾರ್ಡ್‌ನಲ್ಲಿ ಹೆಡ್‌ಫೋನ್ ತರಿಸಿದ್ದ. 'ಡೆಲಿವರಿ ಆಗಿದೆ' ಎಂದು ತಾಣ ತೋರಿಸುತ್ತಿತ್ತು, ಮನೆಗೆ ಏನೂ ಬಂದಿರಲಿಲ್ಲ, ಕುಂದುಕೊರತೆ ಅಧಿಕಾರಿಯ ವಿಳಾಸಕ್ಕೆ ಕಳುಹಿಸಿದ ಇಮೇಲ್ ಮರಳಿ ಬರುತ್ತಿತ್ತು. "ಮಾಮಾ, ಇವರಿಗೆ ಬರಿಯೂದು ಗ್ವಾಡಿಗೆ ಬರದ್ಹಂಗ ಆಗೇದ" ಎಂದು ಅವನು ಕೈಚೆಲ್ಲಿದಾಗ, ಕಾರ್ಡಿನ ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಅರ್ಜಿ, ಎಂದರೆ ಕಾರ್ಡಿನಿಂದ ಹೋದ ಹಣವನ್ನು ಮಾರಾಟಗಾರನಿಂದ ಮರಳಿ ಕೊಡಿಸಿರೆಂಬ ಅರ್ಜಿ, ಹಾಕಿಸಿದೆ. ವಸ್ತು ತಲುಪಿಲ್ಲ ಎಂಬ ಕಾರಣ, ಆರ್ಡರ್‌ನ ವಿವರ, ಮತ್ತು ಮಾರಾಟಗಾರರನ್ನು ಸಂಪರ್ಕಿಸಲು ಯತ್ನಿಸಿದ್ದಕ್ಕೆ ಪುರಾವೆಯಾಗಿ ಆ ಮರಳಿ ಬಂದ ಇಮೇಲ್, ಇಷ್ಟು ಸಾಕಾಯಿತು. ಇಲ್ಲಿ ತಲುಪಿಸಿದ್ದನ್ನು ಸಾಬೀತು ಮಾಡುವ ಹೊರೆ ಮಾರಾಟಗಾರನ ಮೇಲೆ ಬೀಳುತ್ತದೆ. ಆತ ಗಡುವಿನೊಳಗೆ ಉತ್ತರಿಸದಿದ್ದರೆ ಹಣ ಗ್ರಾಹಕನಿಗೆ ಉಳಿಯುತ್ತದೆ. ಬ್ಯಾಂಕು ಮೊದಲೇ ತಾತ್ಕಾಲಿಕವಾಗಿ ಜಮಾ ಮಾಡಿದ ಹಣವನ್ನು, ಮಾರಾಟಗಾರ ಪುರಾವೆ ಒದಗಿಸಿದರೆ, ಮರಳಿ ಪಡೆಯುವುದೂ ಉಂಟು.

ಈ ದಾರಿಗೆ ಮಿತಿಗಳಿವೆ. ಮನೆ ಬಾಗಿಲಲ್ಲಿ ನಗದು ಕೊಟ್ಟವರಿಗೆ ಇದು ಇಲ್ಲ. ಯುಪಿಐನಲ್ಲಿ ಹಣ ವ್ಯಾಪಾರಿಗೆ ಸರಿಯಾಗಿ ಸಂದಾಯವಾಗಿದ್ದರೆ ಬ್ಯಾಂಕು ಸಾಮಾನ್ಯವಾಗಿ ವ್ಯಾಪಾರಿಯನ್ನೇ ಕೇಳಲು ಹೇಳುತ್ತದೆ. ಕಾರ್ಡಿಗೂ ಗಡುವಿದೆ, ಚಾಟ್‌ನವರು 'ಇನ್ನೆರಡು ದಿನ' ಎನ್ನುತ್ತ ಕಳೆಯುವ ವಾರಗಳು ಆ ಗಡುವಿನಲ್ಲಿಯೇ ಸೇರುತ್ತವೆ. ಮಿಕ್ಸರ್‌ಗೆ ನಾನು ಇದನ್ನು ಬಳಸದಿರಲು ಕಾರಣ, ವಾಪಸಾತಿ ತಿರಸ್ಕರಿಸಿದ ದಾಖಲೆಯೊಂದನ್ನು ಕಂಪನಿ ಮುಂದಿಟ್ಟರೆ ಬ್ಯಾಂಕು ಅದರ ಸತ್ಯಾಸತ್ಯತೆಯ ಒಳಹೊಕ್ಕು ನೋಡುವುದಿಲ್ಲ. ಚಾರ್ಜ್‌ಬ್ಯಾಕ್ ಹಾಕಿದ ಗ್ರಾಹಕರ ಖಾತೆಯನ್ನು ಕೆಲವು ತಾಣಗಳು ಸ್ಥಗಿತಗೊಳಿಸುವುದೂ ಇದೆ.

ಉಳಿದದ್ದು ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಹೂಡಬಹುದು. ಕಂಪನಿಯ ಕಚೇರಿ ಬೆಂಗಳೂರಿನಲ್ಲಿರಲಿ, ಗುರುಗ್ರಾಮದಲ್ಲಿರಲಿ, ಗೋಕಾಕದವರು ಬೆಳಗಾವಿಗೆ ಹೋದರೆ ಸಾಕು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಡಲೇಬೇಕೆಂದಿಲ್ಲ, ದೂರನ್ನು e-jagriti.gov.in ತಾಣದ ಮೂಲಕವೂ ಸಲ್ಲಿಸಬಹುದು. ಸಹೋದ್ಯೋಗಿಯ ಟಿ.ವಿ. ಒಡೆದ ಪ್ಯಾನೆಲ್‌ನೊಂದಿಗೆ ಬಂದಿತ್ತು, ಅಧಿಕಾರಿಯ ಬಳಿ ತಿಂಗಳು ಕಳೆದರೂ ನಿರ್ಣಯವಿರಲಿಲ್ಲ. ಅಲ್ಲಿ ನಾವು ಕಲಿತ ಒಂದು ಅಂಶ ಉಪಯುಕ್ತ: ತಾಣ, ಮಾರಾಟಗಾರ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು, ಇಲ್ಲವಾದರೆ ತಾಣದವರು "ನಾವು ಮಧ್ಯವರ್ತಿಗಳಷ್ಟೇ" ಎಂದು ಜಾರಿಕೊಳ್ಳಲು ನೋಡುತ್ತಾರೆ. ಮಾರಾಟಗಾರನ ವಿಳಾಸ ಬಿಲ್ಲಿನಲ್ಲಿ ಅರೆಬರೆಯಾಗಿದ್ದರೆ, ಗ್ರಾಹಕ ಲಿಖಿತವಾಗಿ ಕೇಳಿದಾಗ ಅದನ್ನು ಕೊಡುವುದು ಅದೇ 2020ರ ನಿಯಮಗಳಂತೆ ತಾಣದ ಹೊಣೆ.

ದೂರಿಗೆ ಮೊದಲು ಸ್ಪೀಡ್ ಪೋಸ್ಟ್‌ನಲ್ಲಿ ಇಬ್ಬರಿಗೂ ನೋಟಿಸ್ ಕಳುಹಿಸಿದೆವು. ಅದಕ್ಕೆ ಯಾರೂ ಓಗೊಡಲಿಲ್ಲ. ಆಯೋಗದ ನೋಟಿಸ್ ತಲುಪಿದ ಮೇಲೆ ಕಂಪನಿಯ ವಕೀಲರೇ ಫೋನ್ ಮಾಡಿ ರಾಜಿಗೆ ಬಂದರು. ನೋಟಿಸ್ ತಲುಪಿದ 3 ತಿಂಗಳೊಳಗೆ ಪ್ರಕರಣ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳಿದರೂ ವಿಚಾರಣೆಯ ದಿನಾಂಕಗಳು ಮುಂದೆ ಹೋಗುತ್ತಲೇ ಇರುತ್ತವೆ, ಆದ್ದರಿಂದ ಕೆಲವು ನೂರು ರೂಪಾಯಿಯ ವಸ್ತುವಿಗೆ ಈ ದಾರಿ ಹಿಡಿಯಲು ನಾನು ಹೇಳಲಾರೆ. ಟಿ.ವಿ., ಫ್ರಿಜ್, ಮೊಬೈಲ್‌ಗಳಿಗೆ ಖಂಡಿತ ಹಿಡಿಯಬಹುದು. ದೂರಿಗೆ ಕಾರಣ ಉಂಟಾದ ದಿನದಿಂದ 2 ವರ್ಷ ಕಾಲಾವಕಾಶವಿದೆ. ಹಾಗಾಗಿ ಅಧಿಕಾರಿಗೋ ಸಹಾಯವಾಣಿಗೋ ಬರೆದು ಒಂದೆರಡು ತಿಂಗಳು ಕಾದರೂ ಆಯೋಗದ ಬಾಗಿಲು ಮುಚ್ಚಿಹೋಗುವುದಿಲ್ಲ. ಬ್ಯಾಂಕಿನ ಗಡುವು ಮಾತ್ರ ಅಷ್ಟು ಕಾಯುವುದಿಲ್ಲವಾದ್ದರಿಂದ, ಕಾರ್ಡಿನಲ್ಲಿ ಹಣ ಕೊಟ್ಟು ವಸ್ತುವೇ ಕೈಸೇರದವರು ಮೊದಲು ಆ ಅರ್ಜಿಯನ್ನು ಹಾಕಿ, ನಂತರ ಉಳಿದವರಿಗೆ ಬರೆಯುವುದು ಒಳಿತು.