ಹದಿನಾಲ್ಕು ತಿಂಗಳು ಬಳಸಿದ ಮೇಲೆ: ಕನ್ನಡ-ಇಂಗ್ಲಿಷ್ ಪ್ರಶ್ನೆ ಚಿತ್ರಗಳ ಟೆಸ್ಟ್ ಸರಣಿ (5ಕ್ಕೆ 3)

ದಿನಾ ಬೆಳಗ್ಗೆ ವಾಟ್ಸಾಪ್‌ಗೆ ಹತ್ತು ಪ್ರಶ್ನೆ. ಒಂದೊಂದೂ ಒಂದು ಚಿತ್ರ, ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್. ತುಮಕೂರಿನ ಎಸ್.ಎಸ್. ಪುರಂನಲ್ಲಿ ರೂಮು ಮಾಡಿಕೊಂಡು ಕೆಎಎಸ್‌ಗೆ ಓದುತ್ತಿರುವ ನಾನೂ ಮಧುಗಿರಿಯ ಗೆಳೆಯನೂ ಸೇರಿ ಚಂದಾ ಕಟ್ಟಿದ್ದೆವು. ಅವನು ಕನ್ನಡ ಮೀಡಿಯಂ, ನಾನು ಇಂಗ್ಲಿಷ್ ಮೀಡಿಯಂ. ಈ ಸರಣಿಯ ಹುಳುಕು ಗೊತ್ತಾಗಿದ್ದೇ ನಾವಿಬ್ಬರೂ ಒಂದೇ ಕೋಣೆಯಲ್ಲಿ ಇದ್ದುದರಿಂದ.

ಮೊದಲ ಎರಡು ತಿಂಗಳು ಏನೂ ಕಾಣಲಿಲ್ಲ. ಎರಡೂ ಭಾಷೆ ಒಂದೇ ಚಿತ್ರದಲ್ಲಿದ್ದರೆ ಕನ್ನಡದ ಸಾಲು ತೊಡಕಾದ ಕೂಡಲೇ ಕಣ್ಣು ತಾನಾಗಿ ಕೆಳಗಿನ ಇಂಗ್ಲಿಷ್‌ಗೆ ಇಳಿಯುತ್ತದೆ. ಅರ್ಥ ಅಲ್ಲಿಂದ ಸಿಗುತ್ತದೆ, ಕನ್ನಡದಲ್ಲೂ ಅದೇ ಇದೆ ಅಂದುಕೊಂಡು ಮುಂದೆ ಹೋಗುತ್ತೇವೆ. ಆಮೇಲೆ ಒಂದು ಉಪಾಯ ಮಾಡಿದೆವು. ಚಿತ್ರವನ್ನು ಕ್ರಾಪ್ ಮಾಡಿ ಮೇಲಿನ ಅರ್ಧ ಅವನಿಗೆ, ಕೆಳಗಿನ ಅರ್ಧ ನನಗೆ. ಇಬ್ಬರೂ ಬೇರೆ ಬೇರೆಯಾಗಿ ಉತ್ತರ ಬರೆದು ಕೊನೆಗೆ ತಾಳೆ ನೋಡುವುದು.

ರಾಷ್ಟ್ರಪತಿಗಳ ಮಹಾಭಿಯೋಗದ ಪ್ರಶ್ನೆ ಬಂದ ದಿನ ಇದರ ಬೆಲೆ ತಿಳಿಯಿತು. ಎರಡು ಹೇಳಿಕೆ ಕೊಟ್ಟು ಸರಿಯಾದವು ಯಾವುವು ಅಂತ ಕೇಳಿದ್ದರು. ಮೊದಲನೆಯದು, ಸದನದ ಒಟ್ಟು ಸದಸ್ಯರಲ್ಲಿ ನಾಲ್ಕನೇ ಒಂದರಷ್ಟಾದರೂ ಜನ ಸಹಿ ಮಾಡಿ 14 ದಿನ ಮುಂಚೆ ನೋಟಿಸ್ ಕೊಡಬೇಕು ಎಂಬುದು. ಎರಡೂ ಭಾಷೆಯಲ್ಲಿ ಸರಿಯಿತ್ತು. ಎರಡನೆಯದು ನಿರ್ಣಯ ಪಾಸಾಗಲು ಬೇಕಾದ ಬಹುಮತದ್ದು; ಅದರಲ್ಲಿ ಇಂಗ್ಲಿಷ್ 'ಟೋಟಲ್ ಮೆಂಬರ್‌ಶಿಪ್'ನ ಮೂರನೇ ಎರಡು ಎಂದಿದ್ದರೆ, ಕನ್ನಡ 'ಹಾಜರಿದ್ದು ಮತ ಚಲಾಯಿಸಿದ ಸದಸ್ಯರ ಮೂರನೇ ಎರಡು' ಎಂದಿತ್ತು. ಸಂವಿಧಾನದ 61ನೇ ವಿಧಿ ಹೇಳುವುದು ಒಟ್ಟು ಸದಸ್ಯಬಲವನ್ನೇ. ಲೋಕಸಭೆಯ 543ಕ್ಕೆ ಲೆಕ್ಕ ಹಾಕಿದರೆ 362 ಮತ ಬೇಕು. ಕನ್ನಡದ ಪ್ರಕಾರ 450 ಜನ ಬಂದು ಮತ ಹಾಕಿದ್ದರೆ 300 ಸಾಕು. ಗೆಳೆಯ '1 ಮಾತ್ರ' ಎಂದು ಬರೆದ, ನಾನು '1 ಮತ್ತು 2'. ಕೀ ಉತ್ತರ ನನ್ನದೇ. ಅವನ ಮುಂದಿದ್ದ ಪ್ರಶ್ನೆಗೆ ಅವನ ಉತ್ತರವೇ ಸರಿ, ಆದರೂ ಕಾಲು ಅಂಕ ಕಟ್. 'ಅಣ್ಣಾ, ನಾನೇನು ತಪ್ಪು ಮಾಡ್ದೆ ಹೇಳು' ಅಂದ. ಚಿತ್ರದ ಅಡಿಯಲ್ಲಿ ಸಣ್ಣಕ್ಷರದಲ್ಲಿ 'ವ್ಯತ್ಯಾಸವಿದ್ದಲ್ಲಿ ಇಂಗ್ಲಿಷ್ ಆವೃತ್ತಿಯೇ ಅಂತಿಮ' ಎಂದಿತ್ತು. ವ್ಯತ್ಯಾಸ ಇದೆ ಅಂತ ಗೊತ್ತಾಗಲು ಅವನು ಇಂಗ್ಲಿಷ್ ಓದಬೇಕಲ್ಲ!

ಉತ್ತರ ಹೊಂದಿದ ಮಾತ್ರಕ್ಕೆ ಅರ್ಥ ಹೊಂದಿತು ಅಂತಲೂ ಅಲ್ಲ. ಒಂದು ಆಯ್ಕೆ ಕನ್ನಡದಲ್ಲಿ 'ಎಲ್ಲಾ ಹೇಳಿಕೆಗಳೂ ಸರಿಯಲ್ಲ' ಎಂದಿತ್ತು. ಇಂಗ್ಲಿಷ್‌ನಲ್ಲಿ `Not all statements are correct`. ಇಂಗ್ಲಿಷ್ ಪ್ರಕಾರ ಒಂದು ತಪ್ಪಿದ್ದರೂ ಸಾಕು. ಕನ್ನಡದ ವಾಕ್ಯವನ್ನು ನಮ್ಮೂರಲ್ಲಿ ಯಾರಿಗೆ ಓದಿಸಿದರೂ ಎಲ್ಲವೂ ತಪ್ಪು ಅಂತಲೇ ತಿಳಿಯುತ್ತಾರೆ. ಆವತ್ತು ಎಲ್ಲ ಹೇಳಿಕೆಗಳೂ ನಿಜವಾಗಿ ತಪ್ಪಿದ್ದವು, ಹಾಗಾಗಿ ಇಬ್ಬರ ಉತ್ತರವೂ ಕೂಡಿಬಂತು, ದೋಷ ಬಚ್ಚಿಟ್ಟುಕೊಂಡಿತು. ಒಂದೇ ಒಂದು ಹೇಳಿಕೆ ಸರಿಯಿದ್ದಿದ್ದರೆ ಬೇರೆ ಬೇರೆ ಬರುತ್ತಿತ್ತು. 'ಕನಿಷ್ಠ ಒಂದು ಹೇಳಿಕೆಯಾದರೂ ತಪ್ಪು' ಅಂತ ಬರೆದಿದ್ದರೆ ಮುಗಿಯುತ್ತಿತ್ತು. ಅದಕ್ಕೇ ಈಗ ತಾಳೆ ನೋಡಿದ ಮೇಲೂ ಒಂದು ಕೆಲಸ ಮಾಡುತ್ತೇವೆ: ಒಂದು ಹೇಳಿಕೆ ಸುಳ್ಳಾದರೆ, ಸಂಖ್ಯೆ ಒಂದು ಕಮ್ಮಿಯಾದರೆ ಎರಡೂ ಕಡೆ ಉತ್ತರ ಒಂದೇ ರೀತಿ ಬದಲಾಗುತ್ತದೆಯೇ ಅಂತ ಕೇಳಿಕೊಳ್ಳುವುದು.

ಇನ್ನೊಂದು ಕಿರಿಕಿರಿ ಅಚ್ಚಿನದು. ಇಂಗ್ಲಿಷ್‌ನಲ್ಲಿ `NOT` ದಪ್ಪಕ್ಷರದಲ್ಲಿ ಎದ್ದು ಕಾಣುತ್ತದೆ. ಕನ್ನಡದಲ್ಲಿ ನಿಷೇಧ 'ಸರಿಯಲ್ಲದ' ಎಂಬ ಪದದ ಹೊಟ್ಟೆಯೊಳಗೆ ಇರುತ್ತದೆ, ಅದನ್ನು ದಪ್ಪ ಮಾಡುವುದು ಯಾರಿಗೂ ನೆನಪಾಗುವುದಿಲ್ಲ. ವಾಟ್ಸಾಪ್ ಫೋಟೋವನ್ನು ಕುಗ್ಗಿಸಿದ ಮೇಲೆ ಒತ್ತಕ್ಷರವೂ ಮಸುಕು. ಫೋಟೋ ಬದಲು ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಕೇಳಿದೆವು, ಕಳಿಸತೊಡಗಿದರು. ಅಷ್ಟರಮಟ್ಟಿಗೆ ಒಳ್ಳೆಯವರು.

2024ರ ಆಗಸ್ಟ್ 27ರ ಕೆಎಎಸ್ ಪ್ರಿಲಿಮ್ಸ್ ಅನುವಾದದ ತಪ್ಪುಗಳಿಂದಲೇ ಡಿಸೆಂಬರ್ 29ಕ್ಕೆ ಮತ್ತೆ ನಡೆದದ್ದು ಎಲ್ಲರಿಗೂ ಗೊತ್ತು. ಹಾಗಿರುವಾಗ ಅಭ್ಯಾಸದ ಪ್ರಶ್ನೆಯಲ್ಲಾದರೂ ಎಚ್ಚರ ಬೇಡವೇ?

ವಿಷಯದ ಆಯ್ಕೆ, ವಿವರಣೆ ಚೆನ್ನಾಗಿವೆ, ಅದಕ್ಕೇ ಮೂರು ನಕ್ಷತ್ರ. ಕಳೆದ ವಾರ ಮಹಾಭಿಯೋಗದ ಪ್ರಶ್ನೆ ತಿದ್ದಿದ್ದೇವೆ ಅಂತ ಸಂದೇಶ ಬಂತು. ತಿದ್ದಿದ ಚಿತ್ರ ಬಂದಿದೆ ನಿಜ, ಆದರೆ ಹಳೆಯದನ್ನು ತೆಗೆದಿಲ್ಲ; ನಿನ್ನೆ ಇನ್ನೊಂದು ಗುಂಪಿನಲ್ಲಿ ಅದೇ ಹಳೆಯ ಚಿತ್ರ ಫಾರ್ವರ್ಡ್ ಆಗಿ ನನ್ನ ಫೋನಿಗೇ ಬಂತು.