ಡಿಡಕ್ಟಿಬಲ್ ಬೇಕೋ, ಕೋ-ಪೇ ಬೇಕೋ?

ಆರೋಗ್ಯ ವಿಮೆಯ ಈ ಎರಡು ಷರತ್ತುಗಳಲ್ಲೂ ಆಸ್ಪತ್ರೆ ಬಿಲ್ಲಿನ ಒಂದು ಪಾಲು ನಿಮ್ಮದೇ. ಡಿಡಕ್ಟಿಬಲ್‌ನಲ್ಲಿ ಆ ಪಾಲು ನಿಗದಿತ ಮೊತ್ತ, ಕೋ-ಪೇನಲ್ಲಿ ಶೇಕಡಾವಾರು.

ಒಂದು ಪಾಲಿಸಿಗೆ ₹50,000 ಡಿಡಕ್ಟಿಬಲ್, ಇನ್ನೊಂದಕ್ಕೆ ಶೇ 20 ಕೋ-ಪೇ ಇದೆ ಎನ್ನಿ. ಡೆಂಗಿ ಬಂದು ₹40,000 ಬಿಲ್ಲಾದರೆ ಮೊದಲನೆಯದರಲ್ಲಿ ಕಂಪನಿ ಏನೂ ಕೊಡುವುದಿಲ್ಲ. ಎರಡನೆಯದರಲ್ಲಿ ನಿಮ್ಮ ಕೈಯಿಂದ ಹೋಗುವುದು ₹8,000 ಮಾತ್ರ. ಅದೇ ಹೃದಯದ ಶಸ್ತ್ರಚಿಕಿತ್ಸೆಗೆ ₹4 ಲಕ್ಷವಾದರೆ ಡಿಡಕ್ಟಿಬಲ್‌ನವರು ₹50,000 ಕಟ್ಟಿದರೆ ಸಾಕು, ಕೋ-ಪೇನವರು ₹80,000 ಕಟ್ಟಬೇಕು. ಎರಡೂ ಸಮನಾಗುವುದು ₹2.5 ಲಕ್ಷದ ಬಿಲ್ಲಿಗೆ.

ಡಿಡಕ್ಟಿಬಲ್ ವರ್ಷಕ್ಕೊಮ್ಮೆಯೋ, ಪ್ರತಿ ಕ್ಲೇಮಿಗೋ ಎಂದು ಪಾಲಿಸಿ ಪತ್ರದಲ್ಲಿ ನೋಡಲೇಬೇಕು. ವರ್ಷಕ್ಕೊಮ್ಮೆಯಾದರೆ, ಆ ಮೊತ್ತ ಪೂರ್ತಿ ಕಟ್ಟಿಯಾದ ಮೇಲೆ ಅದೇ ವರ್ಷ ಮತ್ತೆ ಆಸ್ಪತ್ರೆ ಸೇರಿದಾಗ ಅದು ಪುನಃ ಕಡಿತವಾಗದು. ಕೋ-ಪೇ ಮಾತ್ರ ಪ್ರತಿ ಸಲವೂ ಕಡಿತವಾಗುತ್ತದೆ.

ಕಚೇರಿಯಿಂದ ₹3 ಲಕ್ಷದ ವಿಮೆ ಇದ್ದವರಿಗೆ ಅಷ್ಟೇ ಡಿಡಕ್ಟಿಬಲ್‌ನ ಸೂಪರ್ ಟಾಪ್-ಅಪ್, ಅಂದರೆ ವರ್ಷದ ಒಟ್ಟು ಬಿಲ್ಲು ಆ ಮೊತ್ತ ದಾಟಿದರೆ ಮೇಲಿನದನ್ನು ಕೊಡುವ ಪಾಲಿಸಿ, ಒಳ್ಳೆಯದು: ಕೆಳಗಿನ ಪಾಲನ್ನು ಕಚೇರಿ ವಿಮೆಯೇ ಭರಿಸುತ್ತದೆ. ಬೇರೆ ವಿಮೆಯಿಲ್ಲ, ಆದರೆ ₹50,000 ಕೈಯಲ್ಲಿ ಸಿದ್ಧವಿದೆ ಎನ್ನುವವರಿಗೂ ನಾನು ವಾರ್ಷಿಕ ಡಿಡಕ್ಟಿಬಲ್ ಅನ್ನೇ ಹೇಳುತ್ತೇನೆ. ಅಪ್ಪ-ಅಮ್ಮನ ಪಾಲಿಸಿಯಲ್ಲಿ ವಯಸ್ಸಿನ ಕಾರಣಕ್ಕೆ ಕೋ-ಪೇ ಕಡ್ಡಾಯವಾಗಿದ್ದರೆ, ಪ್ರೀಮಿಯಂ ಹೆಚ್ಚಾದರೂ ಅದನ್ನು ತೆಗೆಸಲು ಆಗುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ.